518, 144, 40: ಒಂದೇ ಲೆಕ್ಕಕ್ಕೆ ಮೂರು ಉತ್ತರ ಹೇಗೆ ಬಂತು?

ಪೆರ್ಲದ_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಫಿಸಿಕ್ಸಿನ ಒಂದು ಲೆಕ್ಕ ಹಿಡಿದುಕೊಂಡು ನಾವಿಬ್ಬರೂ ಎರಡು ದಿನದಿಂದ ಕೂತಿದ್ದೇವೆ.

ಲೆಕ್ಕ ಇದು: ಒಂದು ಕಾರು ಗಂಟೆಗೆ 72 ಕಿ.ಮೀ. ವೇಗದಲ್ಲಿ ಹೋಗುತ್ತಿದೆ. ಡ್ರೈವರ್ ಬ್ರೇಕ್ ಹಾಕುತ್ತಾನೆ. ವೇಗ ಇಳಿಯುವ ದರ 5 ಮೀ./ಸೆ². ಕಾರು ನಿಲ್ಲುವಷ್ಟರಲ್ಲಿ ಎಷ್ಟು ದೂರ ಹೋಗಿರುತ್ತದೆ?

ಸೂತ್ರ v² = u² + 2as. ಕೊನೆಗೆ ಕಾರು ನಿಲ್ಲುತ್ತದೆ, ಹಾಗಾಗಿ v ಸೊನ್ನೆ. ಉಳಿಯುವುದು s = u² ÷ 2a. ಅವಳು ಮೊದಲು 72ನ್ನೇ ಹಾಕಿದಳು. 72 × 72 = 5184, ಅದನ್ನು 10ರಿಂದ ಭಾಗಿಸಿದರೆ 518.4. ಟೀಚರ್ ತಪ್ಪು ಅಂತ ಗೆರೆ ಎಳೆದು, "ಯೂನಿಟ್ ಬದಲಿಸು" ಅಂತ ಬರೆದಿದ್ದಾರೆ. ಆಮೇಲೆ ನಾನು ಹೇಳಿದೆ, ಹಾಗಾದರೆ ಉತ್ತರವನ್ನು 5/18ರಿಂದ ಗುಣಿಸು ಅಂತ. 144 ಬಂತು. ಪುಸ್ತಕದ ಹಿಂದೆ ನೋಡಿದರೆ 40 ಮೀಟರ್.

ಮೊದಲೇ 72ನ್ನು 20 ಮಾಡಿಕೊಂಡರೆ 40 ಬರುತ್ತದೆ ಅಂತ ಗೊತ್ತಾಯಿತು. ನನ್ನ ಪ್ರಶ್ನೆ ಅದಲ್ಲ. ಮೊದಲು ಬದಲಿಸಿದರೂ ಕೊನೆಗೆ ಬದಲಿಸಿದರೂ ಅದೇ 5/18 ತಾನೇ? ಕೊನೆಗೆ ಬದಲಿಸಿದರೆ ಯಾಕೆ ಬೇರೆ ಉತ್ತರ? ಮಗಳಿಗೆ "ಅದು ಹಾಗೇ" ಅಂತ ಹೇಳಲು ನನಗೆ ಮನಸ್ಸಿಲ್ಲ.

ಕುಂಬಳೆ_ಟ್ಯೂಷನ್

ಅಕ್ಕ, ನಿಯಮ ಬಹಳ ಸುಲಭ. ಯಾವ ಸೂತ್ರ ಇದ್ದರೂ ಸರಿ, ಕಿ.ಮೀ./ಗಂಟೆ ಕಂಡ ಕೂಡಲೇ 5/18ರಿಂದ ಗುಣಿಸಿ ಇಟ್ಟುಕೊಳ್ಳಬೇಕು. ಆಮೇಲೆ ಮಾತ್ರ ಸೂತ್ರಕ್ಕೆ ಕೈ ಹಾಕಬೇಕು. ನಾನು ನನ್ನ ಮಕ್ಕಳಿಗೆ ಒಂದು ಪಟ್ಟಿ ಬಾಯಿಪಾಠ ಮಾಡಿಸುತ್ತೇನೆ. 18 ಅಂದರೆ 5, 36 ಅಂದರೆ 10, 54 ಅಂದರೆ 15, 72 ಅಂದರೆ 20, 90 ಅಂದರೆ 25. ಪರೀಕ್ಷೆಯಲ್ಲಿ ಹೆಚ್ಚಾಗಿ ಇವೇ ಸಂಖ್ಯೆ ಕೊಡುವುದು.

ಪೆರ್ಲದ_ಅಮ್ಮ

ಪಟ್ಟಿಗೆ ಥ್ಯಾಂಕ್ಸ್, ಇವತ್ತೇ ಗೋಡೆಗೆ ಅಂಟಿಸುತ್ತೇನೆ. ಆದರೆ ಯಾಕೆ ಅನ್ನುವುದಕ್ಕೆ ಉತ್ತರ ಸಿಗಲಿಲ್ಲ.

ಉಪ್ಪಳ_ಡ್ರೈವರ್

40 ಮೀಟರಲ್ಲಿ ನಿಲ್ಲುತ್ತದಾ? ಯಾರು ಹೇಳಿದ್ದು ನಿಮಗೆ? ನಾನು ಹದಿನಾಲ್ಕು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. 72ರಲ್ಲಿ ಹೋಗುವಾಗ ಎದುರು ದನ ಬಂದರೆ 40 ಮೀಟರಲ್ಲಿ ನಿಲ್ಲಿಸುವುದು ಸಾಧ್ಯವೇ ಇಲ್ಲ. ಕಳೆದ ಮಳೆಗಾಲ ತಲಪಾಡಿ ಹತ್ತಿರ ಒಂದು ನಾಯಿ ಅಡ್ಡ ಬಂತು. ನನಗೆ ಸುಮಾರು 60 ಅಡಿ ದೂರದಲ್ಲಿ ಕಂಡಿತ್ತು. ಬ್ರೇಕ್ ತುಳಿಯುವಷ್ಟರಲ್ಲಿ ಅದು ಟಯರಿನ ಪಕ್ಕ ಇತ್ತು. ಪುಣ್ಯಕ್ಕೆ ಆಚೆ ಓಡಿತು. ಪುಸ್ತಕದ ಉತ್ತರ ತಪ್ಪು.

ನೀರ್ಚಾಲು_ಮಾಷ್ಟ್ರು

ಪೆರ್ಲದ ತಾಯಿಯವರೇ, ನೀವು ಕೇಳಿದ ಪ್ರಶ್ನೆ ತುಂಬಾ ಒಳ್ಳೆಯದು. ಮೂವತ್ತು ವರ್ಷ ಪಾಠ ಮಾಡಿದೆ, ಇದನ್ನು ಕೇಳಿದ ಮಕ್ಕಳು ಕಡಿಮೆ.

ಮೊದಲು 518.4ರ ಹತ್ತಿರ ಹೋಗೋಣ. ಮಗಳು ಅದರ ಪಕ್ಕದಲ್ಲಿ "ಮೀಟರ್" ಅಂತ ಬರೆದಿರಬೇಕು. ಅಲ್ಲೇ ಇರುವುದು ಗಂಟು. ಅದು ಮೀಟರ್ ಅಲ್ಲ. ಮೇಲೆ 72 ಕಿ.ಮೀ./ಗಂಟೆ ಎರಡು ಸಲ ಇದೆ, ಯಾಕೆಂದರೆ u ವರ್ಗದಲ್ಲಿದೆ. ಕೆಳಗೆ ಮೀಟರ್, ಸೆಕೆಂಡು ಇದೆ. ಕೆಳಗಿನ ಸೆಕೆಂಡು ಮೇಲಿನ ಗಂಟೆಯ ಜೊತೆ ಹೊಡೆದು ಹೋಗುವುದಿಲ್ಲ. ಕೆಳಗಿನ ಮೀಟರ್ ಮೇಲಿನ ಕಿಲೋಮೀಟರ್ ಜೊತೆ ಹೊಡೆದು ಹೋಗುವುದಿಲ್ಲ. ಹಾಗಾಗಿ 518.4 ಅನ್ನುವುದು ಯಾವ ಅಳತೆಕೋಲಿನಿಂದಲೂ ಅಳೆಯಲಾಗದ ಒಂದು ಸಂಖ್ಯೆ. ಅಡಿಕೆಯನ್ನು ಕಿಲೋ ಲೆಕ್ಕದಲ್ಲಿ ತೂಗಿ, ರೇಟನ್ನು ಕ್ವಿಂಟಾಲಿಗೆ ಹಾಕಿ ಗುಣಿಸಿದ ಹಾಗೆ. ಒಂದು ಸಂಖ್ಯೆ ಬರುತ್ತದೆ, ಆದರೆ ಅದು ರೂಪಾಯಿ ಅಲ್ಲ.

ಈಗ ನಿಮ್ಮ 144. ಕಿ.ಮೀ./ಗಂಟೆ ಎರಡು ಸಲ ಬಂದಿದೆ ಅಂದೆ ಅಲ್ವಾ? ಹಾಗಾದರೆ 5/18 ಕೂಡ ಎರಡು ಸಲ ಬರಬೇಕು. ನೀವು ಒಂದು ಸಲ ಮಾತ್ರ ಹಾಕಿದ್ದೀರಿ. 144ನ್ನು ಇನ್ನೊಂದು ಸಲ 5/18ರಿಂದ ಗುಣಿಸಿ ನೋಡಿ. 144 × 5 = 720, 720 ÷ 18 = 40.

ಅಂದರೆ ಕೊನೆಗೆ ಬದಲಿಸುವುದು ತಪ್ಪೇ ಅಲ್ಲ. ಎಷ್ಟು ಸಲ ಬದಲಿಸಬೇಕು ಅಂತ ಗೊತ್ತಿರಬೇಕು, ಅಷ್ಟೇ. u ಒಂದು ಸಲ ಇರುವ ಸೂತ್ರದಲ್ಲಿ ಒಂದು ಸಲ, ವರ್ಗ ಇರುವಲ್ಲಿ ಎರಡು ಸಲ. s = ut + ½at² ತರಹ ಕೂಡಿಸುವ ಸೂತ್ರದಲ್ಲಿ ut ಭಾಗಕ್ಕೆ ಬೇಕು, ½at² ಭಾಗಕ್ಕೆ ಬೇಡ. ಆಗ ಕೊನೆಯ ಮೊತ್ತವನ್ನು ಎಷ್ಟರಿಂದ ಗುಣಿಸಿದರೂ ಸರಿಯಾಗುವುದಿಲ್ಲ. ಮೊದಲೇ ಬದಲಿಸಿದರೆ ಈ ತಲೆನೋವು ಇಲ್ಲ. ಅದಕ್ಕೇ ಟೀಚರ್ ಹಾಗೆ ಹೇಳಿದ್ದು.

ನಾನು ಬೋರ್ಡಿನಲ್ಲಿ ಬರೆಸುತ್ತಿದ್ದುದು ಹೀಗೆ:

```
u = 72 × 1000 ಮೀ. ÷ 3600 ಸೆ. = 20 ಮೀ./ಸೆ.
s = (20 × 20) ÷ (2 × 5) = 40 ಮೀ.
```

ಮೊದಲ ಸಾಲಿನಲ್ಲಿ 1000, 3600 ಎರಡೂ ಕಾಣಬೇಕು. 5/18 ಅಂದರೆ ಅವೆರಡನ್ನು ಚಿಕ್ಕದು ಮಾಡಿದ್ದು.

ಪೆರ್ಲದ_ಅಮ್ಮ

ಮಾಷ್ಟ್ರೇ, ಓದಿ ಮಗಳು ಎದ್ದು ನಿಂತಳು. 144ರ ಇನ್ನೊಂದು ಸಲದ ಗುಣಾಕಾರ ಅವಳೇ ಮಾಡಿದಳು. ಎರಡು ದಿನದ ಗೋಜಲು ಐದು ನಿಮಿಷದಲ್ಲಿ ಬಿಟ್ಟಿತು.

ಮುಳ್ಳೇರಿಯ_ಅಕ್ಕ

ಅಡಿಕೆ ಕಿಲೋ ಕ್ವಿಂಟಾಲ್ ಉದಾಹರಣೆ ನನಗೂ ಅರ್ಥ ಆಯಿತು. ನಾನು ಸಯನ್ಸ್ ಓದಿದವಳೇ ಅಲ್ಲ.

ಬದಿಯಡ್ಕ_ಪ್ಲಸ್‌ಟೂ

ನನ್ನದು ಒಂದು ವಾದ ಇದೆ. ಮೀಟರ್, ಸೆಕೆಂಡಿಗೇ ಬರಬೇಕು ಅಂತ ಯಾಕೆ? ಎಲ್ಲವೂ ಒಂದೇ ಕುಟುಂಬದ್ದಾದರೆ ಸಾಕು. ಇದೇ ಲೆಕ್ಕವನ್ನು ನಾನು ಕಿಲೋಮೀಟರ್, ಗಂಟೆಯಲ್ಲೇ ಮಾಡಿ ತೋರಿಸುತ್ತೇನೆ. 72 ಹಾಗೇ ಇರಲಿ. ಬದಲಿಸಬೇಕಾದ್ದು 5 ಮೀ./ಸೆ². ಒಂದು ಗಂಟೆಯಲ್ಲಿ 3600 ಸೆಕೆಂಡು. ಸೆಕೆಂಡು ಎರಡು ಸಲ ಇರುವುದರಿಂದ 3600 × 3600, ಮತ್ತೆ ಮೀಟರನ್ನು ಕಿ.ಮೀ. ಮಾಡಲು 1000ದಿಂದ ಭಾಗ. 5 × 12960 = 64800 ಕಿ.ಮೀ./ಗಂಟೆ². ಈಗ 5184 ÷ (2 × 64800) = 5184 ÷ 129600 = 0.04 ಕಿ.ಮೀ. ಅದೇ 40 ಮೀಟರ್!

ಕುಂಬಳೆ_ಟ್ಯೂಷನ್

ಸರಿ ಬಂತು, ಒಪ್ಪಿದೆ. ಆದರೆ ತಮ್ಮ, ಪರೀಕ್ಷೆಯಲ್ಲಿ ಇದನ್ನು ಯಾರು ಮಾಡುತ್ತಾರೆ? 64800 ಅಂತ ಬರೆದರೆ ಪೇಪರ್ ನೋಡುವವರು ಅಲ್ಲೇ ಅಡ್ಡಗೆರೆ ಹಾಕುತ್ತಾರೆ.

ಬದಿಯಡ್ಕ_ಪ್ಲಸ್‌ಟೂ

ಹಾಕಬಾರದು ಅಂತ ನಾನು ಹೇಳುವುದು. ಉತ್ತರ ಸರಿ, ದಾರಿ ಸರಿ. ನನಗೆ ಹತ್ತನೇ ಕ್ಲಾಸಿನಲ್ಲಿ ಹೀಗೇ ಆಯಿತು. 72ರಲ್ಲಿ ಅರ್ಧ ಗಂಟೆ ಹೋದರೆ ಎಷ್ಟು ದೂರ ಅನ್ನುವ ಪ್ರಶ್ನೆ. ನಾನು 72 × ½ = 36 ಕಿ.ಮೀ. ಅಂತ ಒಂದೇ ಸಾಲಿನಲ್ಲಿ ಬರೆದೆ. ಪಕ್ಕದವನು 20 × 1800 = 36000 ಮೀಟರ್ ಅಂತ ಬರೆದ. ಅವನಿಗೆ ಪೂರ್ತಿ ಮಾರ್ಕು, ನನಗೆ ಅರ್ಧ ಮಾರ್ಕು ಕಟ್. ಕಾರಣ "ಎಸ್‌ಐ ಯೂನಿಟಿಗೆ ಬದಲಿಸಿಲ್ಲ". ಪ್ರಶ್ನೆಯಲ್ಲಿ ಎಸ್‌ಐ ಅಂತ ಎಲ್ಲೂ ಇರಲಿಲ್ಲ.

ಕುಂಬಳೆ_ಟ್ಯೂಷನ್

ಮಕ್ಕಳಿಗೆ ಒಂದು ಅಭ್ಯಾಸ ಆಗಲಿ ಅಂತ ಕಟ್ ಮಾಡಿರಬಹುದು. ಒಂದು ಕಡೆ ಬಿಟ್ಟರೆ ಎಲ್ಲಾ ಕಡೆ ಬಿಡುತ್ತಾರೆ.

ನೀರ್ಚಾಲು_ಮಾಷ್ಟ್ರು

ಇಲ್ಲಿ ನಾನು ಹುಡುಗನ ಪರ. ದೂರ ಕಿ.ಮೀ., ಕಾಲ ಗಂಟೆ, ವೇಗ ಕಿ.ಮೀ./ಗಂಟೆ. ಮೂರೂ ಹೊಂದುತ್ತವೆ. ಬದಲಿಸುವ ಅಗತ್ಯವೇ ಇಲ್ಲ. ಅನಗತ್ಯವಾಗಿ ಬದಲಿಸಿದರೆ ತಪ್ಪಾಗುವ ಜಾಗ ಒಂದು ಜಾಸ್ತಿಯಾಗುತ್ತದೆ, ಅಷ್ಟೇ. ಆದರೆ 5 ಮೀ./ಸೆ² ಒಳಗೆ ಬಂದ ಕೂಡಲೇ ಮೀಟರ್ ಸೆಕೆಂಡಿಗೆ ಬರುವುದು ಸುಲಭ. 5ನ್ನು 64800 ಮಾಡುವುದಕ್ಕಿಂತ 72ನ್ನು 20 ಮಾಡುವುದು ಸುಲಭ ಅಲ್ವಾ?

ಉಪ್ಪಳ_ಡ್ರೈವರ್

ನನ್ನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. 40 ಮೀಟರಲ್ಲಿ ನಿಲ್ಲುವುದಿಲ್ಲ.

ನೀರ್ಚಾಲು_ಮಾಷ್ಟ್ರು

ನಿಮ್ಮ ಅನುಭವ ಸರಿ, ಪುಸ್ತಕದ ಉತ್ತರವೂ ಸರಿ. ಪ್ರಶ್ನೆ ಶುರುವಾಗುವುದು ಬ್ರೇಕ್ ಹಿಡಿದ ಮೇಲೆ. ನಿಮ್ಮ ಕಣ್ಣಿಗೆ ನಾಯಿ ಕಂಡು, ಕಾಲು ಬ್ರೇಕಿಗೆ ಹೋಗುವವರೆಗೆ ಗಾಡಿ ಅದೇ ವೇಗದಲ್ಲಿ ಓಡುತ್ತಿರುತ್ತದೆ. ಅದಕ್ಕೆ ಒಂದು ಸೆಕೆಂಡು ಅಂತ ಇಟ್ಟುಕೊಂಡರೆ 20 ಮೀಟರ್ ಅಲ್ಲೇ ಹೋಯಿತು. ನಿಮಗೆ ನಾಯಿ ಕಂಡದ್ದು 60 ಅಡಿಯಲ್ಲಿ, ಅಂದರೆ ಸುಮಾರು 18 ಮೀಟರ್. 72ರ ಹತ್ತಿರ ಇದ್ದಿದ್ದರೆ ಬ್ರೇಕ್ ಹಿಡಿಯುವ ಮೊದಲೇ ಅಷ್ಟು ದೂರ ಮುಗಿದಿರುತ್ತದೆ. ಮೇಲೆ ಮಳೆ. ಒದ್ದೆ ರಸ್ತೆಯಲ್ಲಿ 5 ಮೀ./ಸೆ² ಸಿಗದೆಯೂ ಇರಬಹುದು. 4 ಸಿಕ್ಕಿದರೆ 400 ÷ 8, ಅಂದರೆ 50 ಮೀಟರ್ ಬೇಕು.

ಉಪ್ಪಳ_ಡ್ರೈವರ್

ಸೆಕೆಂಡಿಗೆ 20 ಮೀಟರಾ? ಮೀಟರ್ ಬೋರ್ಡಿನಲ್ಲಿ 72 ಅಂತ ನೋಡುವಾಗ ಹಾಗೆ ಅನಿಸುವುದೇ ಇಲ್ಲ. ಒಂದು ಸಲ ಮೊಬೈಲ್ ನೋಡಿ ತಲೆ ಎತ್ತಿದರೆ ಎರಡು ಸೆಕೆಂಡು. 40 ಮೀಟರ್ ಕಣ್ಣು ಮುಚ್ಚಿ ಓಡಿಸಿದ ಹಾಗೆ ಆಯಿತಲ್ಲ ಮಾರಾಯ್ರೆ.

ಮಂಜೇಶ್ವರ_ಬೋಟ್

ನಮ್ಮ ಬೋಟಿನ ಜಿಪಿಎಸ್‌ನಲ್ಲಿ ವೇಗ ನಾಟ್ ಲೆಕ್ಕದಲ್ಲಿ ತೋರಿಸುತ್ತದೆ. ಅದಕ್ಕೂ 5/18 ನಡೆಯುತ್ತದಾ?

ಕುಂಬಳೆ_ಟ್ಯೂಷನ್

ನಡೆಯುತ್ತದೆ. ವೇಗ ಅಂದರೆ ವೇಗ.

ನೀರ್ಚಾಲು_ಮಾಷ್ಟ್ರು

ಇಲ್ಲ ಇಲ್ಲ, ನಡೆಯುವುದಿಲ್ಲ. 5/18 ಕಿ.ಮೀ./ಗಂಟೆಗೆ ಮಾತ್ರ. ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲು, ಅಂದರೆ 1.852 ಕಿ.ಮೀ. ಸೆಕೆಂಡಿಗೆ ಲೆಕ್ಕ ಹಾಕಿದರೆ 0.514 ಮೀಟರ್. ಕಡಲಿನಲ್ಲಿ ಬಾಯಿಲೆಕ್ಕಕ್ಕೆ ನಾಟನ್ನು ಅರ್ಧ ಮಾಡಿದರೆ ಸಾಕು. 8 ನಾಟ್ ಅಂದರೆ ಸೆಕೆಂಡಿಗೆ 4 ಮೀಟರಿಗಿಂತ ಸ್ವಲ್ಪ ಜಾಸ್ತಿ. 8ನ್ನು 5/18ರಿಂದ ಗುಣಿಸಿದರೆ 2.2 ಬರುತ್ತದೆ. ಅರ್ಧದ ಹತ್ತಿರ ತಪ್ಪು.

ಮಂಜೇಶ್ವರ_ಬೋಟ್

ಅರ್ಧ ಮಾಡುವುದು ಸುಲಭ. ಇದು ಗೊತ್ತಿರಲಿಲ್ಲ. ಬಲೆ ಬಿಡುವಾಗ ಸಮಯ ನೋಡಿ ಉದ್ದ ಅಂದಾಜು ಮಾಡಲು ಬೇಕಾಗುತ್ತದೆ.

ಕುಂಬಳೆ_ಟ್ಯೂಷನ್

ನಾಟ್ ವಿಷಯ ನನ್ನ ತಪ್ಪು, ಸರಿಪಡಿಸಿದ್ದಕ್ಕೆ ಥ್ಯಾಂಕ್ಸ್ ಮಾಷ್ಟ್ರೇ. ಕಿ.ಮೀ./ಗಂಟೆ ಇದ್ದರೆ ಮಾತ್ರ ನನ್ನ ನಿಯಮ. ಅದು ಎಲ್ಲಾ ಸೂತ್ರಕ್ಕೂ ಸರಿ.

ಹೈವೇ_ಸೈಟ್

ಎಲ್ಲಾ ಸೂತ್ರಕ್ಕೂ ಸರಿಯಲ್ಲ ಸರ್. ನಾನು ಸಿವಿಲ್, ರಸ್ತೆ ಕೆಲಸದಲ್ಲಿದ್ದೇನೆ, ಊರು ಕಾಸರಗೋಡೇ. ಡಿಪ್ಲೊಮಾದಲ್ಲಿ ಇದೇ ನಿಯಮ ನಂಬಿ ನಾನು ಬಿದ್ದ ಕಥೆ ಹೇಳುತ್ತೇನೆ.

ರಸ್ತೆ ತಿರುವಿನಲ್ಲಿ, ದಿಬ್ಬದಲ್ಲಿ ಡ್ರೈವರಿಗೆ ಎಷ್ಟು ದೂರದವರೆಗೆ ರಸ್ತೆ ಕಾಣಬೇಕು ಅಂತ ನಾವು ಲೆಕ್ಕ ಹಾಕುತ್ತೇವೆ. ಉಪ್ಪಳದ ಅಣ್ಣ ಹೇಳಿದ್ದು ಅದೇ. ಕಂಡು, ಬ್ರೇಕ್ ಹಿಡಿದು, ನಿಲ್ಲುವಷ್ಟು ದೂರ. ಸೂತ್ರ ಇದು:

```
d = 0.278 V t + V² / (254 f)
```

t ಅಂದರೆ ಡ್ರೈವರ್ ಎಚ್ಚೆತ್ತುಕೊಳ್ಳುವ ಸಮಯ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ 2.5 ಸೆಕೆಂಡು ಇಟ್ಟುಕೊಳ್ಳುತ್ತಾರೆ. f ಅಂದರೆ ಟಯರಿಗೂ ರಸ್ತೆಗೂ ಇರುವ ಹಿಡಿತ, 0.35 ಅಂತ ಇಟ್ಟುಕೊಳ್ಳೋಣ.

ವೇಗ 72. ನಾನು ಶಾಲೆಯಲ್ಲಿ ಕಲಿತ ಹಾಗೆ ಮೊದಲು 20 ಮಾಡಿದೆ. ಸೂತ್ರಕ್ಕೆ 20 ಹಾಕಿದೆ. ಮೊದಲ ಭಾಗ 13.9, ಎರಡನೇ ಭಾಗ 4.5. ಒಟ್ಟು 18.4 ಮೀಟರ್. ನೀಟಾಗಿ ಎರಡು ಗೆರೆ ಎಳೆದು ಕೊಟ್ಟೆ.

ಸರ್ ನೋಡಿ ಒಂದೇ ಪ್ರಶ್ನೆ ಕೇಳಿದರು. "ಸೆಕೆಂಡಿಗೆ 20 ಮೀಟರ್ ಹೋಗುವ ಗಾಡಿ 2.5 ಸೆಕೆಂಡಿನಲ್ಲಿ ಎಷ್ಟು ಹೋಗುತ್ತದೆ?" 50 ಮೀಟರ್ ಅಂದೆ. "ಬ್ರೇಕ್ ಹಿಡಿಯುವ ಮೊದಲೇ 50 ಮೀಟರ್ ಹೋದ ಗಾಡಿ ಒಟ್ಟು 18 ಮೀಟರಲ್ಲಿ ಹೇಗೆ ನಿಂತಿತು?" ನನಗೆ ಮಾತು ಬರಲಿಲ್ಲ.

ವಿಷಯ ಏನೆಂದರೆ ಆ ಸೂತ್ರದ V ಕಿ.ಮೀ./ಗಂಟೆಯಲ್ಲೇ ಹಾಕಬೇಕು. ಬದಲಾವಣೆ ಸೂತ್ರದ ಒಳಗೇ ಕೂತಿದೆ. 0.278 ಅಂದರೆ ಬೇರೇನಲ್ಲ, ಅದೇ 5/18. 254 ಅಂದರೆ 2 × 9.81 × 3.6 × 3.6. ಮಾಷ್ಟ್ರು ಹೇಳಿದ "ವರ್ಗಕ್ಕೆ ಎರಡು ಸಲ" ಅಲ್ಲಿ 3.6 ಎರಡು ಸಲ ಆಗಿ ಕೂತಿದೆ. ನಾನು ಹೊರಗೊಂದು ಸಲ ಬದಲಿಸಿದೆ, ಸೂತ್ರ ಒಳಗೆ ಇನ್ನೊಂದು ಸಲ ಬದಲಿಸಿತು.

72ನ್ನೇ ಹಾಕಿದರೆ 50 + 58.3, ಒಟ್ಟು 108 ಮೀಟರ್ ಚಿಲ್ಲರೆ. 18 ಎಲ್ಲಿ, 108 ಎಲ್ಲಿ! 18 ಮೀಟರ್ ಮುಂದೆ ಮಾತ್ರ ಕಾಣುವ ತಿರುವಿನಲ್ಲಿ 72ರಲ್ಲಿ ಬಂದವನ ಗತಿ ಏನು?

ನೀರ್ಚಾಲು_ಮಾಷ್ಟ್ರು

ಇದು ನನಗೂ ಹೊಸತು. 254ನ್ನು ಬಿಡಿಸಿ ತೋರಿಸಿದ್ದಕ್ಕೆ ಧನ್ಯವಾದ. ಕಾಗದದ ಮೇಲೆ ಮಾಡಿ ನೋಡಿದೆ. ಶಾಲೆಯ ಸೂತ್ರದಲ್ಲಿ a ಜಾಗಕ್ಕೆ 9.81 × 0.35 ಹಾಕಿ, u ಜಾಗಕ್ಕೆ 20 ಹಾಕಿದರೆ 400 ÷ 6.867, ಸುಮಾರು 58.2. ನಿಮ್ಮದಕ್ಕೆ ಸರಿಯಾಗಿ ಹೊಂದಿತು. ಅಂದರೆ ಎರಡೂ ಒಂದೇ ಸೂತ್ರ, ಹಾಕಿದ ಅಂಗಿ ಬೇರೆ.

ಹಾಗಾದರೆ ಮಕ್ಕಳು ನೋಡಬೇಕಾದ್ದು ಸೂತ್ರದಲ್ಲಿರುವ ಸಂಖ್ಯೆಗಳನ್ನು. v² = u² + 2as ಒಳಗೆ 2 ಮಾತ್ರ ಇದೆ. ಅದು ಎಲ್ಲಿಂದ ಬಂತು ಅಂತ ಸೂತ್ರ ಬಿಡಿಸಿದಾಗ ಕಾಣುತ್ತದೆ, ಅದಕ್ಕೆ ಯೂನಿಟ್ ಇಲ್ಲ. ಅಲ್ಲಿ ಯಾವ ಕುಟುಂಬದ ಯೂನಿಟ್ ಬೇಕಾದರೂ ಹಾಕಬಹುದು, ಎಲ್ಲವೂ ಹೊಂದಿದರೆ ಸಾಕು. 0.278, 254 ತರಹ ವಿಚಿತ್ರ ಸಂಖ್ಯೆ ಕಂಡರೆ ನಿಲ್ಲಬೇಕು. ಆ ಸೂತ್ರದ ಕೆಳಗೆ V ಯಾವ ಯೂನಿಟಿನಲ್ಲಿ ಅಂತ ಬರೆದಿರುತ್ತದೆ, ಅದನ್ನು ಓದಬೇಕು.

ಕುಂಬಳೆ_ಟ್ಯೂಷನ್

ಇಂಜಿನಿಯರಿಂಗಿಗೆ ಸರಿ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಈಗಲೇ ಇದನ್ನು ಹೇಳಿದರೆ ಇದ್ದದ್ದೂ ಮರೆತು ಹೋಗುತ್ತದೆ. ಅವರಿಗೆ "ಮೊದಲು 5/18" ಸಾಕು ಅನ್ನುವುದು ನನ್ನ ಅಭಿಪ್ರಾಯ, ನಾನು ಬದಲಿಸುವುದಿಲ್ಲ.

ಹೈವೇ_ಸೈಟ್

ನನಗೂ ಅಷ್ಟೇ ಹೇಳಿದ್ದರು ಸರ್. ಅದಕ್ಕೇ 18.4 ಬರೆದೆ.

ಮುಳ್ಳೇರಿಯ_ಅಕ್ಕ

5/18 ಆ 18/5 ಆ ಅಂತ ನನ್ನ ಮಗನಿಗೆ ಯಾವಾಗಲೂ ಗೊಂದಲ. ಅದಕ್ಕೇನಾದರೂ ಉಪಾಯ?

ಬದಿಯಡ್ಕ_ಪ್ಲಸ್‌ಟೂ

ಸೆಕೆಂಡಿನ ಸಂಖ್ಯೆ ಚಿಕ್ಕದಿರಬೇಕು ಅಂತ ನೆನಪಿಟ್ಟುಕೊಳ್ಳಲಿ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನಿನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ. ಸೆಕೆಂಡಿಗೆ ಸುಮಾರು 10.4 ಮೀಟರ್, ಗಂಟೆಗೆ ಸುಮಾರು 37.6 ಕಿ.ಮೀ. ಸೈಕಲಿನ ವೇಗಕ್ಕೆ ಯಾರಾದರೂ 50 ಮೀ./ಸೆ. ಅಂತ ಬರೆದರೆ ಬೋಲ್ಟಿಗಿಂತ ಐದು ಪಟ್ಟು ಜೋರು ಅಂತ ಆಯಿತು. ಆಗ ಗೊತ್ತಾಗುತ್ತದೆ 18/5 ಹಾಕಿದ್ದಾನೆ ಅಂತ.

ಉಪ್ಪಳ_ಡ್ರೈವರ್

ಬಾಯಿಲೆಕ್ಕ ಹೇಳಿ ಯಾರಾದರೂ. ಗಾಡಿ ಓಡಿಸುವಾಗ 18ರಿಂದ ಭಾಗಿಸಲು ಆಗುವುದಿಲ್ಲ.

ಹೈವೇ_ಸೈಟ್

ಅಣ್ಣ, ಕಾಲು ಭಾಗ ಮಾಡಿ, ಅದಕ್ಕೆ ಅದರ ಹತ್ತನೇ ಒಂದು ಸೇರಿಸಿ. 72ರ ಕಾಲು 18, ಅದರ ಹತ್ತನೇ ಒಂದು 1.8, ಒಟ್ಟು 19.8. ನಿಜ 20. ನೂರಕ್ಕೆ ಒಂದು ವ್ಯತ್ಯಾಸ, ರಸ್ತೆಯಲ್ಲಿ ಸಾಕು. ಪರೀಕ್ಷೆಯಲ್ಲಿ ಬೇಡ, ವರ್ಗ ಮಾಡಿದರೆ ಆ ತಪ್ಪು ದುಪ್ಪಟ್ಟಾಗುತ್ತದೆ.

ಬದಿಯಡ್ಕ_ಪ್ಲಸ್‌ಟೂ

ಯೂನಿಟ್ ಬರೆಯದೆ ಆದ ಒಂದು ನಿಜ ಘಟನೆ ಹೇಳುತ್ತೇನೆ. 1983ರ ಜುಲೈಯಲ್ಲಿ ಕೆನಡಾದ ಒಂದು ಬೋಯಿಂಗ್ 767ರಲ್ಲಿ ಆಕಾಶದಲ್ಲೇ ಇಂಧನ ಮುಗಿಯಿತು. ಲೀಟರಿನಿಂದ ತೂಕಕ್ಕೆ ಬದಲಿಸಲು 1.77ರಿಂದ ಗುಣಿಸಿದ್ದರು. ಅದು ಲೀಟರಿಗೆ ಎಷ್ಟು ಪೌಂಡು ಅನ್ನುವ ಸಂಖ್ಯೆ. ಬೇಕಾಗಿದ್ದದ್ದು ಲೀಟರಿಗೆ ಎಷ್ಟು ಕಿಲೋ, ಸುಮಾರು 0.8. ಬಂದ ಪೌಂಡನ್ನೇ ಕಿಲೋ ಅಂತ ತಿಳಿದುಕೊಂಡರು. ಬೇಕಾದ್ದರ ಅರ್ಧಕ್ಕಿಂತ ಕಡಿಮೆ ಇಂಧನ ಇತ್ತು. ಪೈಲಟ್‌ಗಳು ಇಂಜಿನ್ ಇಲ್ಲದೆ ತೇಲಿಸಿಕೊಂಡು ಗಿಮ್ಲಿ ಅನ್ನುವ ಊರಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಯಾರೂ ಸಾಯಲಿಲ್ಲ.

ಮಂಜೇಶ್ವರ_ಬೋಟ್

ನಮ್ಮಲ್ಲೂ ಡೀಸೆಲ್ ಹೀಗೇ. ಕ್ಯಾನ್ ಲೆಕ್ಕ ಒಬ್ಬರದು, ಲೀಟರ್ ಲೆಕ್ಕ ಇನ್ನೊಬ್ಬರದು. ಕಡಲ ಮಧ್ಯ ಹೋದ ಮೇಲೆ ಗೊತ್ತಾಗುವುದು.

ಮುಳ್ಳೇರಿಯ_ಅಕ್ಕ

ಡೀಸೆಲ್ ಈಗ ಕೇರಳದ ಕಡೆ ಹಾಕಿಸುವುದಾ, ತಲಪಾಡಿ ದಾಟಿ ಹಾಕಿಸುವುದಾ?

ನೀರ್ಚಾಲು_ಮಾಷ್ಟ್ರು

ಡೀಸೆಲ್ ಚರ್ಚೆ ಬೇರೆ ಕಡೆ ಮಾಡೋಣ, ಇಲ್ಲಿ ಒಂದು ಮಗು ಓದುತ್ತಿದೆ. ಅವಳಿಗೆ ಇನ್ನೊಂದು ವಿಷಯ ಹೇಳಬೇಕು.

40 ಸರಿಯಾ ಅಂತ ಸೂತ್ರವಿಲ್ಲದೆ ನೋಡಬಹುದು. ಸೆಕೆಂಡಿಗೆ 5ರಂತೆ ಇಳಿದರೆ ವೇಗ 20, 15, 10, 5, 0. ನಾಲ್ಕು ಸೆಕೆಂಡು. ಮೊದಲ ಸೆಕೆಂಡಿನಲ್ಲಿ 20ಕ್ಕೂ 15ಕ್ಕೂ ನಡುವೆ, ಅಂದರೆ 17.5 ಮೀಟರ್ ಹೋಗುತ್ತದೆ. ಆಮೇಲೆ 12.5, 7.5, 2.5. ಕೂಡಿಸಿದರೆ 40.

ಈಗ 72ನ್ನು ಹಾಗೇ ಇಟ್ಟು ಇದನ್ನು ಮಾಡಲು ಹೋಗಲಿ. 72ರಿಂದ 5 ಕಳೆಯಬೇಕು. ಆದರೆ 72 ಕಿ.ಮೀ./ಗಂಟೆ, 5 ಮೀ./ಸೆ. ಕಳೆಯಲು ಕೈಯೇ ಹೋಗುವುದಿಲ್ಲ. ಸೂತ್ರದ ಒಳಗೆ ಗುಣಾಕಾರ ಭಾಗಾಕಾರ ಇರುವುದರಿಂದ ಈ ತಪ್ಪು ಅಡಗಿ ಕೂರುತ್ತದೆ.

ಪೆರ್ಲದ_ಅಮ್ಮ

ಇವತ್ತು ಬೆಳಿಗ್ಗೆ ಮಗಳು ಒಂದು ಹೊಸ ಲೆಕ್ಕ ಮಾಡಿದಳು. 250 ಮೀಟರ್ ಉದ್ದದ ರೈಲು 90 ಕಿ.ಮೀ./ಗಂಟೆ ವೇಗದಲ್ಲಿ 350 ಮೀಟರ್ ಪ್ಲಾಟ್‌ಫಾರಂ ದಾಟಲು ಎಷ್ಟು ಹೊತ್ತು? ರೈಲಿನ ಉದ್ದವನ್ನೂ ಸೇರಿಸಬೇಕು ಅಂತ ಅವಳಿಗೆ ಗೊತ್ತಿತ್ತು, ಒಟ್ಟು 600 ಮೀಟರ್. 90ನ್ನು 25 ಮಾಡಿ, 600 ÷ 25 = 24 ಸೆಕೆಂಡು ಅಂತ ಬರೆದಳು.

ಆಮೇಲೆ ಬದಿಯಡ್ಕದ ಅಣ್ಣನ ದಾರಿಯಲ್ಲೂ ಮಾಡುತ್ತೇನೆ ಅಂದಳು. 0.6 ಕಿ.ಮೀ. ÷ 90 = 0.0067 ಗಂಟೆ ಅಂತ ಬರೆದು, 3600ರಿಂದ ಗುಣಿಸಿದಳು. 24.12 ಬಂತು. "ಎರಡೂ ಸರಿ ಅಂದರಲ್ಲ, ಯಾಕೆ ಬೇರೆ?" ಅಂತ ಕೇಳುತ್ತಿದ್ದಾಳೆ.

ಬದಿಯಡ್ಕ_ಪ್ಲಸ್‌ಟೂ

0.6 ÷ 90 ಅಂದರೆ 0.006666 ಅಂತ ಮುಗಿಯದೆ ಹೋಗುತ್ತದೆ. ಅವಳು 0.0067ಕ್ಕೆ ನಿಲ್ಲಿಸಿದ್ದಾಳೆ. ಆ ಚಿಕ್ಕ ವ್ಯತ್ಯಾಸವನ್ನು 3600 ದೊಡ್ಡದು ಮಾಡಿತು. ಭಾಗಿಸದೆ 0.6 × 3600 ÷ 90 ಅಂತ ಒಟ್ಟಿಗೆ ಬರೆಯಲಿ. 2160 ÷ 90, ಸರಿಯಾಗಿ 24.

ಕುಂಬಳೆ_ಟ್ಯೂಷನ್

ನೋಡಿದಿರಾ, ಮೀಟರ್ ಸೆಕೆಂಡಿನಲ್ಲಿ ಮಾಡಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ನೀರ್ಚಾಲು_ಮಾಷ್ಟ್ರು

ಅಲ್ಲೂ ಬರುತ್ತದೆ ತಮ್ಮ. 90ರ ಬದಲು 100 ಕೊಟ್ಟು ನೋಡಿ. 27.777 ಬರುತ್ತದೆ. ಕೆಲವರು 28 ಅಂತ ಬರೆಯುತ್ತಾರೆ, ಕೆಲವರು 27. ಬ್ರೇಕಿನ ಲೆಕ್ಕಕ್ಕೆ ಹಾಕಿದರೆ 28ಕ್ಕೆ 78.4 ಮೀಟರ್, 27ಕ್ಕೆ 72.9. ನಿಜವಾದದ್ದು 77.2. 500/18 ಅಂತಲೇ ಕೊನೆಯವರೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಪೆರ್ಲದ_ಅಮ್ಮ

ಅವಳು ಈಗ 100 ಹಾಕಿ ಮಾಡುತ್ತಿದ್ದಾಳೆ. 500/18 ಗುಣಿಸು 500/18 ಅಂತ ಬರೆದು, ಅಡಿಯಲ್ಲಿ ಯೂನಿಟ್ ಕೂಡ ಎರಡು ಸಲ ಬರೆದಿದ್ದಾಳೆ. ಮುಂದಿನ ವಾರ ಪರೀಕ್ಷೆ. ಕಿ.ಮೀ., ಗಂಟೆಯಲ್ಲೇ ಹೊಂದುವ ಲೆಕ್ಕ ಬಂದರೆ ಬದಲಿಸದೆ ಬರೆದರೆ ಮಾರ್ಕು ಕಟ್ ಆಗುತ್ತದಾ ಅಂತ ಅವಳ ಟೀಚರನ್ನೇ ಕೇಳಿ ಬರಲು ಹೇಳಿದ್ದೇನೆ. ಅವರು ಏನು ಹೇಳಿದರು ಅಂತ ಇಲ್ಲಿ ಬರೆಯುತ್ತೇನೆ.